ಪೋಸ್ಟ್‌ಡಾಕ್ ಕವರ್ ಲೆಟರ್: ನಿಮ್ಮ ಪಾರ್ಸರ್ ಎಡವಿದ ಜಾಗವನ್ನೂ ಬರೆಯಿರಿ

ಪೋಸ್ಟ್‌ಡಾಕ್‌ಗೆ ಅರ್ಜಿ ಹಾಕುವಾಗ ಸಿವಿ ಬೇರೆ ಇರುತ್ತದೆ, ಸಂಶೋಧನಾ ಯೋಜನೆ ಬೇರೆ ಇರುತ್ತದೆ, ಪ್ರಕಟಣೆಗಳ ಪಟ್ಟಿಯೂ ಬೇರೆ. ಹಾಗಾದ್ರೆ ಕವರ್ ಲೆಟರ್‌ನಲ್ಲಿ ಬರೆಯೋದೇನು? ನಾನು ಮೊದಲ ಸಲ ಬರೆದಾಗ ಸಿವಿಯನ್ನೇ ವಾಕ್ಯಗಳಾಗಿ ಬಿಡಿಸಿ ಎರಡು ಪುಟ ತುಂಬಿಸಿದ್ದೆ. ಸಾಲದ್ದಕ್ಕೆ ಹಳೆಯ ಅರ್ಜಿಯಿಂದ ನಕಲು ಮಾಡಿದ ಒಂದು ಸಾಲಿನಲ್ಲಿ ಬೇರೆ ವಿಶ್ವವಿದ್ಯಾಲಯದ ಹೆಸರು ಹಾಗೇ ಉಳಿದುಬಿಟ್ಟಿತ್ತು. ಉತ್ತರ ಬರಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಇಲ್ಲಿ ಒಂದೇ ಒಂದು ಸಂದರ್ಭ ತೆಗೆದುಕೊಳ್ಳೋಣ. ಅರ್ಜಿದಾರಳು ಮಂಗಳೂರು ಕಡೆಯವಳು, ಪಿಎಚ್‌ಡಿಯಲ್ಲಿ ತುಳು ಭಾಷೆಗೆ ಪಾರ್ಸರ್ ಮಾಡಿದ್ದಾಳೆ. ಈಗ ಯುರೋಪಿನ ಒಂದು ಗುಂಪು ‘ಸಣ್ಣ ಭಾಷೆಗಳಿಗೆ ದೊಡ್ಡ ಭಾಷೆಗಳಿಂದ ಕಲಿಕೆಯನ್ನು ಸಾಗಿಸುವುದು’ ಎನ್ನುವ ಯೋಜನೆಗೆ ಜನರನ್ನು ಹುಡುಕುತ್ತಿದೆ. ಅರ್ಜಿದಾರಳೂ ಅವಳ ಅಂಕಿಗಳೂ ನಾನು ಉದಾಹರಣೆಗೆ ಅಂತ ಕಟ್ಟಿಕೊಂಡದ್ದು. ತುಳುವಿನ ತೊಡಕುಗಳು ಮಾತ್ರ ನಿಜವಾದವು. ಪತ್ರ ಹೋಗೋದು ಇಂಗ್ಲಿಷಿನಲ್ಲಿ, ಆದರೆ ಏನು ಬರೆಯಬೇಕು ಅನ್ನೋದನ್ನು ಕನ್ನಡದಲ್ಲಿ ಯೋಚಿಸಿದರೆ ಅಡ್ಡಿಯೇನಿಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ವಾಕ್ಯದಲ್ಲಿ ಯಾವ ಪದ ಯಾವ ಪದವನ್ನು ಆತುಕೊಂಡಿದೆ, ಯಾವ ಸಂಬಂಧದಲ್ಲಿ ಆತುಕೊಂಡಿದೆ ಎಂದು ಗುರುತಿಸುವ ಪ್ರೋಗ್ರಾಮೇ ಪಾರ್ಸರ್. ಅದಕ್ಕೆ ಪಾಠ ಹೇಳಲು ಮನುಷ್ಯರು ಕೈಯಿಂದ ಗುರುತು ಹಾಕಿದ ವಾಕ್ಯಗಳ ಸಂಗ್ರಹ ಬೇಕು, ಅದು ಟ್ರೀಬ್ಯಾಂಕ್. ಯೂನಿವರ್ಸಲ್ ಡಿಪೆಂಡೆನ್ಸೀಸ್, ಅಂದ್ರೆ ಯೂಡಿ, ಎಲ್ಲ ಭಾಷೆಗಳಿಗೂ ಒಂದೇ ಬಗೆಯ ಗುರುತು ಹಾಕುವ ಜಾಗತಿಕ ಯೋಜನೆ.

ಮೊದಲು ಜಾಹೀರಾತು ಓದಿ, ಆಮೇಲೆ ಬರೆಯಿರಿ

ಜಾಹೀರಾತಿನಲ್ಲಿ ಕೆಲಸದ ವಿವರಣೆ ಇರುವ ಪ್ಯಾರಾವನ್ನು ಎರಡು ಸಲ ಓದಿ, ಅವರಿಗೆ ಕೊರತೆ ಎಲ್ಲಿದೆ ಅಂತ ಒಂದೇ ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಆ ಗುಂಪಿಗೆ ಮಾಡೆಲ್ ಕಟ್ಟುವವರು ಇದ್ದಾರೆ. ಆದರೆ ಸಣ್ಣ ಭಾಷೆಯ ದತ್ತಾಂಶವನ್ನು ಕೈಯಾರೆ ಮಾಡಿ, ಅದರ ತಪ್ಪುಗಳನ್ನು ಕೂತು ಓದಿದವರು ಇಲ್ಲ. ಅರ್ಜಿದಾರಳ ಬೆಲೆ ಇರುವುದೇ ಅಲ್ಲಿ.

ಆರಂಭದ ಪ್ಯಾರಾ: ಮೂರು ವಾಕ್ಯ ಸಾಕು

ಯಾವ ಹುದ್ದೆ, ಅದರ ಉಲ್ಲೇಖ ಸಂಖ್ಯೆ, ನೀವು ಮಾಡಿದ್ದು ಏನು ಎನ್ನುವ ಒಂದು ಸಾಲು, ಪಿಎಚ್‌ಡಿ ಎಲ್ಲಿಗೆ ಬಂದಿದೆ. ಕೊನೆಯದನ್ನು ನಮ್ಮವರು ಮಸುಕಾಗಿ ಬಿಟ್ಟುಬಿಡುತ್ತಾರೆ. ನಮ್ಮಲ್ಲಿ ಥೀಸಿಸ್ ಸಲ್ಲಿಸಿದ ಮೇಲೆ ವರದಿ ಬಂದು, ವೈವಾ ಆಗಿ, ಪ್ರೊವಿಷನಲ್ ಸರ್ಟಿಫಿಕೇಟ್ ಕೈಗೆ ಸಿಗುವಷ್ಟರಲ್ಲಿ ತಿಂಗಳುಗಳೇ ಕಳೆಯುತ್ತವೆ, ಅಲ್ವಾ? ಆದರೆ ಅಲ್ಲಿನವರು ಕೆಲಸಕ್ಕೆ ಸೇರುವ ದಿನಕ್ಕೆ ಪದವಿ ಕೈಯಲ್ಲಿರಬೇಕು ಅಂತ ಕೇಳುವುದು ಸಾಮಾನ್ಯ. ಹಾಗಾಗಿ ‘ಬೇಗ ಮುಗಿಯುತ್ತದೆ’ ಅನ್ನುವ ಬದಲು ‘ಮಾರ್ಚ್‌ನಲ್ಲಿ ಥೀಸಿಸ್ ಸಲ್ಲಿಸಿದ್ದೇನೆ, ವೈವಾ ಸೆಪ್ಟೆಂಬರ್ ಒಳಗೆ ನಿರೀಕ್ಷೆ, ನವೆಂಬರ್‌ನಿಂದ ಸೇರಬಲ್ಲೆ’ ಎಂದು ತಿಂಗಳು ಹೇಳಿಬಿಡಿ.

ಪಾರ್ಸಿಂಗ್ ಪ್ಯಾರಾ: ಪತ್ರದ ಜೀವ ಇಲ್ಲಿದೆ

ಮೊದಲ ಕರಡಿನಲ್ಲಿ ಹೆಚ್ಚಿನವರು ಬರೆಯೋದು ಹೀಗೆ: ‘ಸಂಪನ್ಮೂಲ ಕಡಿಮೆ ಇರುವ ತುಳು ಭಾಷೆಗೆ ಮೊಟ್ಟಮೊದಲ ಪಾರ್ಸರ್ ಅಭಿವೃದ್ಧಿಪಡಿಸಿ 71 ಎಲ್‌ಎಎಸ್ ಸಾಧಿಸಿದ್ದೇನೆ.’ ಓದುವವನು ಈ ವಿಷಯ ಬಲ್ಲವನಾಗಿದ್ದರೆ ತಕ್ಷಣ ನಾಲ್ಕು ಪ್ರಶ್ನೆ ಹುಟ್ಟುತ್ತವೆ, ಒಂದಕ್ಕೂ ಇಲ್ಲಿ ಉತ್ತರವಿಲ್ಲ.

ಮೊದಲು ‘ಮೊಟ್ಟಮೊದಲ’ ಎಂಬ ಪದ. ಯೂಡಿ ತಾಣದಲ್ಲಿ ಈಗಾಗಲೇ ಬಂದ ಟ್ರೀಬ್ಯಾಂಕ್‌ಗಳ ಜೊತೆಗೆ ಮುಂದೆ ಬರಲಿರುವವುಗಳ ಪಟ್ಟಿಯೂ ಇದೆ. ಯೂಡಿಯ ಹೊರಗೂ, ಪಾಣಿನಿಯ ಕಾರಕಗಳನ್ನು ಆಧರಿಸಿ ಭಾರತೀಯ ಭಾಷೆಗಳಿಗೆ ಮಾಡಿದ ಕೆಲಸ ಬೇಕಾದಷ್ಟಿದೆ. ಇವೆಲ್ಲ ನೋಡದೆ ‘ಮೊದಲು’ ಅಂದರೆ, ಓದುವವರ ಪೈಕಿ ಒಬ್ಬರಿಗೆ ಗೊತ್ತಿರುವ ಒಂದೇ ಒಂದು ಹಳೆಯ ಪ್ರಬಂಧ ಸಾಕು ನಿಮ್ಮ ಇಡೀ ಪತ್ರದ ಮೇಲೆ ಅನುಮಾನ ಬರಲು. ಆ ಪದ ತೆಗೆದುಬಿಡಿ. ಕಳೆದುಕೊಳ್ಳೋದೇನಿಲ್ಲ.

ಆಮೇಲೆ ಆ 71. ಎಲ್‌ಎಎಸ್ ಅಂದ್ರೆ ನೂರು ಪದಗಳಲ್ಲಿ ಎಷ್ಟು ಪದಕ್ಕೆ ಪಾರ್ಸರ್ ಅದು ಆತುಕೊಂಡ ಸರಿಯಾದ ಪದವನ್ನೂ ಸರಿಯಾದ ಸಂಬಂಧವನ್ನೂ ಹುಡುಕಿಕೊಟ್ಟಿತು ಎನ್ನುವ ಲೆಕ್ಕ. ನಮ್ಮ ಅರ್ಜಿದಾರಳ ಟ್ರೀಬ್ಯಾಂಕಿನಲ್ಲಿ 600 ವಾಕ್ಯ, 5,400 ಪದ ಇವೆ ಅಂತಿಟ್ಟುಕೊಳ್ಳಿ. ಅದರಲ್ಲಿ 60 ವಾಕ್ಯ ಪಕ್ಕಕ್ಕಿಟ್ಟು ಪರೀಕ್ಷೆ ಮಾಡಿದರೆ ಅಲ್ಲಿರುವುದು ಸುಮಾರು 540 ಪದ. ಐದಾರು ಪದ ಆಚೀಚೆ ಆದರೆ ಅಂಕ ಒಂದು ಏರಿತು ಅಥವಾ ಇಳಿಯಿತು! ಆದ್ದರಿಂದಲೇ ಇಷ್ಟು ಚಿಕ್ಕ ಸಂಗ್ರಹವನ್ನು ಹತ್ತು ಭಾಗ ಮಾಡಿ, ಒಂಬತ್ತರಲ್ಲಿ ಕಲಿಸಿ ಒಂದರಲ್ಲಿ ಪರೀಕ್ಷಿಸಿ, ಹೀಗೆ ಹತ್ತು ಸಲ ಸುತ್ತಿಸುತ್ತಾರೆ. ಪತ್ರದಲ್ಲಿ ‘ಸರಾಸರಿ 71, ಭಾಗದಿಂದ ಭಾಗಕ್ಕೆ 66ರಿಂದ 75’ ಅಂತ ಬರೆದರೆ, ಅಂಕಿಯನ್ನು ಅಲಂಕಾರಕ್ಕೆ ಇಟ್ಟುಕೊಂಡಿಲ್ಲ, ಅದರ ಮಿತಿ ಗೊತ್ತಿದ್ದೇ ಬರೆದಿದ್ದಾಳೆ ಅಂತ ಓದುವವನಿಗೆ ತಿಳಿಯುತ್ತದೆ.

ಇನ್ನೊಂದು ಗುಟ್ಟು ಇದೆ, ಬಹಳ ಜನ ಹೇಳದೆ ಜಾರಿಕೊಳ್ಳುವಂಥದ್ದು. ಪರೀಕ್ಷೆಗೆ ಕೊಟ್ಟ ವಾಕ್ಯದ ಪದಗಳನ್ನು ಮನುಷ್ಯರೇ ಬಿಡಿಸಿಕೊಟ್ಟಿದ್ದರಾ, ಇಲ್ಲ ಯಂತ್ರವೇ ಬಿಡಿಸಿತಾ? ತುಳುವಿನಲ್ಲಿ ‘ಎಂಕ್ ಬಡವಾಪುಂಡು’ ಅಂದ್ರೆ ನನಗೆ ಹಸಿವಾಗುತ್ತಿದೆ. ಅಲ್ಲಿ ‘ಬಡವು’ ಮತ್ತು ‘ಆಪುಂಡು’ ಎರಡೂ ಸೇರಿ ಒಂದೇ ಪದದ ಹಾಗೆ ಕೂತಿವೆ. ಕನ್ನಡದ ‘ಮನೆಯಲ್ಲಿದ್ದಾನೆ’ ಇದ್ದ ಹಾಗೆ. ಕೈಯಿಂದ ಬಿಡಿಸಿಕೊಟ್ಟರೆ 71, ಹಸಿ ಪಠ್ಯ ಕೊಟ್ಟರೆ 64 ಅಂತ ಇದ್ದರೆ ಎರಡನ್ನೂ ಬರೆಯಿರಿ. 64 ಬರೆಯೋಕೆ ಕೈ ಹಿಂದೆ ಸರಿಯುತ್ತದೆ, ಗೊತ್ತು. ಆದರೆ ಸಂದರ್ಶನದಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಅಲ್ಲಿ ತಡಬಡಾಯಿಸುವುದಕ್ಕಿಂತ ಇಲ್ಲೇ ಹೇಳೋದು ಲೇಸು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಭಾಗ. ಪಾರ್ಸರ್ ಎಡವಿದ ಒಂದು ಜಾಗವನ್ನು ಆರಿಸಿಕೊಂಡು, ಯಾಕೆ ಎಡವಿತು, ನೀವೇನು ಮಾಡಿದಿರಿ ಅಂತ ಮೂರ್ನಾಲ್ಕು ವಾಕ್ಯದಲ್ಲಿ ಹೇಳಿ. ಹತ್ತು ಬೇಡ, ಒಂದೇ.

ಯಾವುದನ್ನು ಆರಿಸುವುದು? ತುಳುವಿನಲ್ಲಿ ‘ಯಾನ್ ಪೋಪೆ’ ಅಂದ್ರೆ ನಾನು ಹೋಗುತ್ತೇನೆ, ‘ಆಯೆ ಪೋಪೆ’ ಅಂದ್ರೆ ಅವನು ಹೋಗುತ್ತಾನೆ. ಕನ್ನಡ ಲಿಪಿಯಲ್ಲಿ ಎರಡೂ ಒಂದೇ ‘ಪೋಪೆ’. ಬಾಯಲ್ಲಿ ಮಾತ್ರ ಬೇರೆ: ನಾನು ಹೋಗುತ್ತೇನೆ ಎನ್ನುವಾಗ ಕೊನೆಯ ಸ್ವರಕ್ಕೆ ಬಾಯಿ ಸ್ವಲ್ಪ ಜಾಸ್ತಿ ತೆರೆಯುತ್ತದೆ. 1932ರಲ್ಲಿ ತುಳು ವ್ಯಾಕರಣ ಬರೆದ ಪಣಿಯಾಡಿಯವರು ಈ ಸ್ವರವನ್ನು ತೋರಿಸಲು ಎರಡು ತಲಕಟ್ಟು ಬಳಸಿದ್ದರು, ಆದರೆ ದಿನನಿತ್ಯ ಬರೆಯುವವರು ಯಾರೂ ಹಾಗೆ ಬರೆಯುವುದಿಲ್ಲ. ‘ಯಾನ್’, ‘ಆಯೆ’ ಬಿಟ್ಟುಹೋದ ವಾಕ್ಯದಲ್ಲಿ ಪಾರ್ಸರ್‌ಗೆ ಉತ್ತಮ ಪುರುಷವೋ ಪ್ರಥಮ ಪುರುಷವೋ ಗೊತ್ತಾಗುವ ದಾರಿಯೇ ಇಲ್ಲ.

ಕೇಳೋಕೆ ಚೆಂದದ ಉದಾಹರಣೆ. ಆದರೆ ಪತ್ರಕ್ಕೆ ಇದನ್ನು ಹಾಕುವ ಮುಂಚೆ ಒಂದು ಕ್ಷಣ ತಡೆಯಿರಿ. ಈ ತಪ್ಪಿನಿಂದ ಕೆಡುವುದು `Person` ಎಂಬ ಪದಲಕ್ಷಣ. ಯಾವ ಪದ ಯಾವುದನ್ನು ಆತುಕೊಂಡಿದೆ ಎಂದು ತೋರಿಸುವ ವಾಕ್ಯದ ಮರ ಕೆಡುವುದಿಲ್ಲ. ‘ಪೋಪೆ’ ಯಾರದ್ದೇ ಆಗಿರಲಿ, ವಾಕ್ಯದಲ್ಲಿ ಅದರ ಜಾಗ ಅದೇ, ಎಲ್‌ಎಎಸ್ ಕದಲುವುದಿಲ್ಲ. ಪಾರ್ಸಿಂಗ್ ಹುದ್ದೆಗೆ ಇದನ್ನೇ ದೊಡ್ಡದು ಮಾಡಿ ಬರೆದರೆ ಗುರಿ ತಪ್ಪಿದ ಹಾಗೆ.

ಮರವನ್ನೇ ಕೆಡಿಸುವ ಉದಾಹರಣೆ ಬೇಕು. ‘ಎಂಕ್ ತುಳು ಬರ್ಪುಂಡು’, ನನಗೆ ತುಳು ಬರುತ್ತದೆ. ಕ್ರಿಯಾಪದ ಹೊಂದಿಕೊಂಡಿರುವುದು ‘ತುಳು’ ಜೊತೆ, ಆದರೆ ಅರ್ಥದಲ್ಲಿ ಭಾಷೆ ಬರುವುದು ‘ಎಂಕ್’ಗೆ. ‘ತುಳು’ವನ್ನು `nsubj`, ಅಂದ್ರೆ ಕರ್ತೃ, ಅಂದು ‘ಎಂಕ್’ ಅನ್ನು `obl`, ಅಂದ್ರೆ ಕರ್ತೃವೂ ಕರ್ಮವೂ ಅಲ್ಲದ ಜೊತೆಪದ, ಅನ್ನಬೇಕಾ, ಇಲ್ಲ ‘ಎಂಕ್’ ಅನ್ನೇ ಕರ್ತೃ ಅನ್ನಬೇಕಾ? ಯೂಡಿ ಬಳಗದೊಳಗೇ ಭಾಷೆಯಿಂದ ಭಾಷೆಗೆ ಈ ತೀರ್ಮಾನ ಬೇರೆ. ಬೇರೆ ಬೇರೆ ತೀರ್ಮಾನದ ಎರಡು ಟ್ರೀಬ್ಯಾಂಕ್‌ಗಳಿಂದ ಒಟ್ಟಿಗೆ ಕಲಿತ ಪಾರ್ಸರ್ ಇಂಥ ವಾಕ್ಯದಲ್ಲಿ ಒಮ್ಮೆ ಹಾಗೆ, ಒಮ್ಮೆ ಹೀಗೆ ಅನ್ನುತ್ತದೆ. ಅದು ಮಾಡೆಲ್‌ನ ದಡ್ಡತನವಲ್ಲ, ದತ್ತಾಂಶದೊಳಗಿನ ಜಗಳ. ತಪ್ಪುಗಳನ್ನು ಸಂಬಂಧವಾರು ಎಣಿಸಿದರೆ `nsubj` ಮತ್ತು `obl` ಒಂದರ ಜಾಗದಲ್ಲಿ ಇನ್ನೊಂದು ಕೂತಿರುವುದು ಕಣ್ಣಿಗೆ ಬೀಳುತ್ತದೆ. ದೊಡ್ಡ ಭಾಷೆಯಿಂದ ಸಣ್ಣ ಭಾಷೆಗೆ ಕಲಿಕೆ ಸಾಗಿಸುವ ಗುಂಪಿಗೆ ಬೇಕಾಗಿರೋದು ಇಂಥ ಮಾತೇ.

ಇಷ್ಟೆಲ್ಲ ಸೇರಿಸಿ ಪ್ಯಾರಾ ಹೀಗಾಗುತ್ತದೆ:

‘ನನ್ನ ಪಿಎಚ್‌ಡಿಯಲ್ಲಿ ಜನಪದ ಕಥೆಗಳಿಂದ ಆಯ್ದ 600 ತುಳು ವಾಕ್ಯಗಳಿಗೆ ಯೂಡಿ ಕ್ರಮದಲ್ಲಿ ಗುರುತು ಹಾಕಿದೆ. ಇವುಗಳಲ್ಲಿ 150 ವಾಕ್ಯಗಳಿಗೆ ಇನ್ನೊಬ್ಬರು ಪ್ರತ್ಯೇಕವಾಗಿ ಗುರುತು ಹಾಕಿದ್ದಾರೆ. ತಮಿಳು ಮತ್ತು ತೆಲುಗು ಟ್ರೀಬ್ಯಾಂಕ್‌ಗಳಿಂದ ಮಾತ್ರ ಕಲಿತ ಪಾರ್ಸರ್ ತುಳುವಿನಲ್ಲಿ 48 ಎಲ್‌ಎಎಸ್ ಪಡೆಯಿತು. ತುಳು ವಾಕ್ಯಗಳನ್ನೂ ಸೇರಿಸಿದಾಗ ಹತ್ತು ಭಾಗಗಳ ಸರಾಸರಿ 71 (66ರಿಂದ 75), ಹಸಿ ಪಠ್ಯದ ಮೇಲೆ 64. ‘ಎಂಕ್’ನಂಥ ಚತುರ್ಥಿ ವಿಭಕ್ತಿಯ ಅನುಭವಿ ಪದ ಇರುವ ವಾಕ್ಯಗಳಲ್ಲಿ ತಪ್ಪು ಹೆಚ್ಚಿತ್ತು. ಮೂಲ ಟ್ರೀಬ್ಯಾಂಕ್‌ಗಳು ಅದನ್ನು ಬೇರೆ ಬೇರೆ ರೀತಿ ಗುರುತಿಸಿದ್ದವು. ಕಲಿಸುವ ಮೊದಲು ಆ ಗುರುತುಗಳನ್ನು ಒಂದೇ ಕ್ರಮಕ್ಕೆ ತಂದಾಗ ಆ ವಾಕ್ಯಗಳಲ್ಲಿನ ತಪ್ಪು ಇಳಿಯಿತು. ಉದ್ದ ವಾಕ್ಯಗಳಲ್ಲಿ ತೊಂದರೆ ಇನ್ನೂ ಉಳಿದಿದೆ.’

ಕೊನೆಯ ಸಾಲನ್ನು ಅಳಿಸಬೇಡಿ. ಅದಕ್ಕೂ ಕಾರಣ ಇದೆ. ಯೂಡಿಯ ತೆಲುಗು ಟ್ರೀಬ್ಯಾಂಕ್ 1,300 ವಾಕ್ಯಗಳ ಆಸುಪಾಸಿನದು, ವಾಕ್ಯಗಳು ಬಂದದ್ದು ವ್ಯಾಕರಣ ಪುಸ್ತಕದಿಂದ, ಹಾಗಾಗಿ ಹೆಚ್ಚಿನವು ಚುಟುಕು. ತಮಿಳಿನ ಹಳೆಯ ಟ್ರೀಬ್ಯಾಂಕ್ ಸುದ್ದಿಯದು, ಬರೀ 600 ವಾಕ್ಯ. ಅಜ್ಜಿ ಕಥೆಯಲ್ಲಿ ‘ಹೋಗಿ, ನೋಡಿ, ತಿಂದು, ಬಂದು’ ಅಂತ ಎಳೆಯುತ್ತಾ ಹೋಗುವ ವಾಕ್ಯವನ್ನು ಈ ಎರಡರಿಂದ ಕಲಿಯೋದು ಹೇಗೆ?

ಮುಂದಿನ ಪ್ಯಾರಾ: ನಿಮ್ಮಲ್ಲಿಗೆ ಬಂದರೆ ಮೊದಲ ಆರು ತಿಂಗಳು

ಗುರುತುಗಳ ಆ ಜಗಳದಿಂದಲೇ ಮುಂದಿನ ಪ್ಯಾರಾ ಶುರುವಾಗುತ್ತದೆ. ‘ನಿಮ್ಮ ಯೋಜನೆಯ ಭಾಷೆಗಳಲ್ಲಿ ಮೂಲ ಟ್ರೀಬ್ಯಾಂಕ್‌ಗಳ ಗುರುತುಗಳು ಎಲ್ಲಿ ಹೊಂದುವುದಿಲ್ಲ ಎಂದು ಮೊದಲು ಪಟ್ಟಿ ಮಾಡುತ್ತೇನೆ, ಸರಿಪಡಿಸಿದರೆ ಎಷ್ಟು ಲಾಭ ಎಂದು ಅಳೆಯುತ್ತೇನೆ’, ಇಷ್ಟು ಸಾಕು. ಗುಂಪಿನ ಒಂದು ಪ್ರಬಂಧವನ್ನು ನಿಜವಾಗಿ ಓದಿದ್ದರೆ ಅದರ ಒಂದು ಪ್ರಯೋಗಕ್ಕೆ ಇದನ್ನು ಜೋಡಿಸಿ. ಓದಿಲ್ಲದಿದ್ದರೆ ಸುಮ್ನೆ ಹೊಗಳಬೇಡಿ, ಗೊತ್ತಾಗಿಬಿಡುತ್ತದೆ.

ಕಳಿಸುವ ಮುಂಚೆ

ಒಂದು ಪುಟ, ಹೆಚ್ಚೆಂದರೆ ಒಂದೂವರೆ. ಪಾರ್ಸಿಂಗ್ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಟ್ಟು, ನಾನು ಏನು ಮಾಡಿದ್ದೇನೆ ಹೇಳು ಅಂತ ಕೇಳಿ. ವಿಶ್ವವಿದ್ಯಾಲಯದ ಹೆಸರನ್ನು ಹುಡುಕಿ ನೋಡಿ (ನನ್ನ ಕಥೆ ನೆನಪಿದೆಯಲ್ಲ). ತುಳು ಉದಾಹರಣೆಗಳನ್ನು ಕನ್ನಡ ಲಿಪಿಯಲ್ಲಿ ಹಾಕಿದರೆ ಅವರ ಕಂಪ್ಯೂಟರಿನಲ್ಲಿ ಒತ್ತಕ್ಷರ ಚದುರಬಹುದು, ಆದ್ದರಿಂದ ಪಿಡಿಎಫ್‌ನಲ್ಲಿ ಫಾಂಟ್ ಸೇರಿಸಿ, ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಇನ್ನು ಗಡುವು. ಮಧ್ಯ ಯುರೋಪಿನ ರಾತ್ರಿ 23:59 ಅಂದ್ರೆ ಚಳಿಗಾಲದಲ್ಲಿ ನಮ್ಮ ಮರುದಿನ ಬೆಳಗಿನ ಜಾವ 4:29, ಬೇಸಿಗೆಯಲ್ಲಿ 3:29. ಆ ಹೊತ್ತಿಗೆ ಅಪ್‌ಲೋಡ್ ಮಾಡುತ್ತಾ ಕೂರುವ ಹಾಗೆ ಮಾಡಿಕೊಳ್ಳಬೇಡಿ, ಹಿಂದಿನ ದಿನವೇ ಕಳಿಸಿ ಮಲಗಿ.