ಸೋರಿಯಾಸಿಸ್ ಇರುವ ತಲೆಗೆ ಬಣ್ಣ: ಅರ್ಧ ಇಂಚು ಬಿಟ್ಟು ಗೆದ್ದೆ

ರಾಜಾಜಿನಗರದಲ್ಲಿ ಪಾರ್ಲರ್ ಇಟ್ಟು 16 ವರ್ಷವಾಯಿತು. ಊರವರ ತಲೆಗೆಲ್ಲ ಬಣ್ಣ ಹಚ್ಚುವ ನನ್ನ ತಲೆಯಲ್ಲೇ ಸೋರಿಯಾಸಿಸ್. "ನೀನು ಡೈ ಆಸೆ ಬಿಟ್ಟುಬಿಡೇ" ಅಂದಿದ್ದರು ಗೆಳತಿಯರು. ಈಗ ಎರಡು ವರ್ಷದಿಂದ ಹಚ್ಚಿಕೊಳ್ಳುತ್ತಿದ್ದೇನೆ, ಒಮ್ಮೆಯೂ ಕೆರಳಿಲ್ಲ.

ಮೊದಲು ಕೆಟ್ಟದ್ದನ್ನು ಹೇಳುತ್ತೇನೆ. ಈ ವಿಧಾನ ಕಂಡುಕೊಳ್ಳುವ ಮುಂಚೆ ಒಂದು ಡಿಸೆಂಬರಿನ ಒಣ ಚಳಿಯಲ್ಲಿ ಹೊಟ್ಟು ಜಾಸ್ತಿಯಾಗಿತ್ತು. ಬಣ್ಣ ಚೆನ್ನಾಗಿ ಹಿಡಿಯಲಿ ಅಂತ ಬಾಚಣಿಗೆಯಲ್ಲಿ ಎಬ್ಬಿಸಿ ತೆಗೆದೆ. ಅಲ್ಲಲ್ಲಿ ರಕ್ತ ಜಿನುಗಿತು. ಅಮೋನಿಯಾ ಇಲ್ಲದ ಡೈ ತಾನೇ ಅಂತ ಅದರ ಮೇಲೇ ಹಚ್ಚಿದೆ. ಉರಿ, ಕೆರೆತ. ಎರಡು ವಾರಕ್ಕೆ ಕೆರೆದ ಗೆರೆಯಲ್ಲೇ ಹೊಸ ಮಚ್ಚೆಗಳು ಎದ್ದವು. ಸೋರಿಯಾಸಿಸ್ ಇದ್ದವರಿಗೆ ಚರ್ಮಕ್ಕೆ ಗಾಯವಾದ ಕಡೆ ಹೀಗಾಗುತ್ತದೆ ಅಂತ ಡಾಕ್ಟರ್ ಬೈದರು. ಲೋಷನ್, ಶಾಂಪೂ, ಫೀಸು ಸೇರಿ ಸುಮಾರು ನಾಲ್ಕು ಸಾವಿರ ಹೋಯಿತು. ಅಮೋನಿಯಾ ಇಲ್ಲ ಅಂದಮಾತ್ರಕ್ಕೆ ಅಲರ್ಜಿ ತರಬಲ್ಲ ಪಿಪಿಡಿ ಅನ್ನೋ ಡೈ ರಾಸಾಯನಿಕ ಇಲ್ಲ ಅಂತಲ್ಲ, ಡಬ್ಬಿಯ ಹಿಂಬದಿ ಓದಿ.

ಆಮೇಲೆ ಮೆಹಂದಿ, ನೀಲಿ ಗಿಡದ ಎಲೆಪುಡಿ ಪ್ರಯೋಗ. ಅಲರ್ಜಿ ಆಗಲಿಲ್ಲ, ನಿಜ. ಆದರೆ ಒಣಗಿದ ಪೇಸ್ಟ್ ಬಿಡಿಸಲು ಉಜ್ಜಿ ಉಜ್ಜಿ ಮತ್ತೆ ಅದೇ ಕಥೆ. ಕಪ್ಪು ಮೆಹಂದಿ ಅಂತ ಮಾರುವ ಪುಡಿಯಲ್ಲಂತೂ ಹೆಚ್ಚಾಗಿ ಪಿಪಿಡಿ ಬೆರೆತಿರುತ್ತದೆ, ನಾನು ಮುಟ್ಟುವುದಿಲ್ಲ.

ಈಗ ಮಾಡುವುದು ಹೀಗೆ. ಕೆಂಪು, ಬಿರುಕು, ಹಸಿಗಾಯ ಒಂದೂ ಇಲ್ಲದೆ ಎರಡು ಮೂರು ವಾರ ಕಳೆಯಬೇಕು. ಹೊಟ್ಟನ್ನು ಡಾಕ್ಟರ್ ಕೊಟ್ಟ ಸ್ಯಾಲಿಸಿಲಿಕ್ ಎಣ್ಣೆಯಲ್ಲಿ ದಿನಗಟ್ಟಲೆ ನೆನೆಸಿ ತಾನಾಗೇ ಬಿಡುವಂತೆ ಮಾಡುತ್ತೇನೆ. ಅದು ಉಳಿದರೆ ಡೈ ಹೊಟ್ಟಿಗೇ ಹಿಡಿದು ಮರುದಿನ ಭುಜದ ಮೇಲೆ ಕರೀ ಹೊಟ್ಟು ಉದುರುತ್ತದೆ! ಸೆಬೊರಿಕ್ ಹೊಟ್ಟಿನ ಒಬ್ಬ ಗಿರಾಕಿಗೆ ಹಾಗೇ ಆಗಿ, ನಾನು ದುಡ್ಡು ವಾಪಸ್ ಕೊಟ್ಟೆ.

ಪ್ಯಾಚ್ ಟೆಸ್ಟ್ ಪ್ರತಿ ಸಲವೂ ಮಾಡುತ್ತೇನೆ. ಮೊಣಕೈ ಒಳಗೆ ಹಚ್ಚಿ 48 ಗಂಟೆಗೆ ನೋಡುತ್ತೇನೆ, ನಾಲ್ಕನೇ ದಿನ ಮತ್ತೊಮ್ಮೆ. ಸ್ಟೀರಾಯ್ಡ್ ಕ್ರೀಮ್ ಹಚ್ಚುವ ಜಾಗದಲ್ಲಿ ಮಾತ್ರ ಬೇಡ, ಅದು ಅಲರ್ಜಿಯನ್ನು ಅಡಗಿಸಿಬಿಡುತ್ತದೆ. ಎಕ್ಸಿಮಾದವರು ಈ ಟೆಸ್ಟ್ ತಪ್ಪಿಸಲೇಬಾರದು. ಹಿಂದೆ ಡೈಯಿಂದ ಮುಖ ಊದಿದ್ದರೆ ನನ್ನ ವಿಧಾನವೂ ಬೇಡ, ಟೆಸ್ಟೂ ಬೇಡ, ಚರ್ಮದ ಡಾಕ್ಟರ್ ಹತ್ತಿರ ಹೋಗಿ.

ಹಚ್ಚುವ ಹಿಂದಿನ ದಿನ ತಲೆ ತೊಳೆಯುವುದಿಲ್ಲ. ಹಣೆಯಂಚು, ಕಿವಿ ಹಿಂದೆ ವ್ಯಾಸಲೀನ್. ಸಣ್ಣ ಸಣ್ಣ ಎಳೆ ತೆಗೆದು ಕೆಳಗೆ ಫಾಯಿಲ್ ಇಟ್ಟು, ಬುಡದಿಂದ ಅರ್ಧ ಇಂಚು ಬಿಟ್ಟು ಬ್ರಷ್ ಶುರು. ಡೈ ನೆತ್ತಿಯ ಚರ್ಮ ಮುಟ್ಟಲೇಬಾರದು. ಕರೀ ಬಣ್ಣ ಬಿಟ್ಟು ಕಂದು ತಗೊಂಡರೆ ಬುಡದ ಬಿಳಿ ಅಷ್ಟು ಎದ್ದು ಕಾಣುವುದಿಲ್ಲ. ಯಾವ ಎರಡು ಶೇಡ್ ಬೆರೆಸುತ್ತೇನೆ ಅನ್ನುವುದು ನನ್ನ ಹೊಟ್ಟೆಪಾಡು, ಕೇಳಬೇಡಿ. ಉಗುರುಬೆಚ್ಚಗಿನ ನೀರಲ್ಲಿ, ಉಗುರು ತಾಗಿಸದೆ ತೊಳೆಯುತ್ತೇನೆ.

ಕೈಕೆಲಸ ಮೂರು ಗಂಟೆ ಹಿಡಿಯುತ್ತದೆ. ಹಾಗಾಗಿ ಇಂಥ ಗಿರಾಕಿಗೆ ಮಾಮೂಲಿಗಿಂತ ಐನೂರು ಜಾಸ್ತಿ ತಗೊಳ್ಳುತ್ತೇನೆ. ಬೇಡ ಅಂದಿದ್ದ ಗೆಳತಿಯೊಬ್ಬಳು ಹೋದ ತಿಂಗಳು ತನ್ನ ಅತ್ತೆಯನ್ನೇ ಕಳಿಸಿದಳು. ಅವಳ ಹತ್ತಿರವೂ ಬಿಡಲಿಲ್ಲ, ಐನೂರು ಇಸಿದುಕೊಂಡೆ.