ಬ್ಯಾಕ್ ಆಫೀಸ್ ಕೆಲಸದಲ್ಲಿದ್ದೇ ಸಿಎಫ್ಎ ಚಾರ್ಟರ್: ನನ್ನ ಅನುಭವ

"ನಿಂದು ಫಂಡ್ ಅಕೌಂಟಿಂಗ್. ಮೂರೂ ಲೆವೆಲ್ ಪಾಸಾದ್ರೂ ಚಾರ್ಟರ್ ಸಿಗಲ್ಲ ಬಿಡು." ಇದನ್ನು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಸಿಎಫ್ಎ ಅಂದರೆ ಹೂಡಿಕೆ ಕ್ಷೇತ್ರದ ಒಂದು ಅಂತರರಾಷ್ಟ್ರೀಯ ಅರ್ಹತೆ. ಮೂರು ಲೆವೆಲ್ ಪರೀಕ್ಷೆ ಪಾಸಾದರೆ ಸಾಲದು, ತಕ್ಕ ಕೆಲಸದ ಅನುಭವವನ್ನೂ ತೋರಿಸಿದರೆ ಮಾತ್ರ ಚಾರ್ಟರ್. ಚಾರ್ಟರ್ ಕೈಗೆ ಬಂದ ಮೇಲೆ ಅವರಲ್ಲೇ ಇಬ್ಬರು ಫೋನ್ ಮಾಡಿ "ಎಕ್ಸ್‌ಪೀರಿಯೆನ್ಸ್ ಭಾಗ ಹೇಗೆ ತುಂಬಿಸಿದೆ ಮಾರಾಯಾ" ಅಂತ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ. ಸಿಲಬಸ್, ಕ್ಯಾಲ್ಕುಲೇಟರ್ ವಿಷಯ ನಿಮಗೆ ಗೊತ್ತಿದ್ದದ್ದೇ, ಬಿಡುತ್ತೇನೆ.

ನನ್ನದು ಬಿಕಾಂ. ಬೆಂಗಳೂರಿನ ರಿಂಗ್ ರೋಡಿನ ಒಂದು ವಿದೇಶಿ ಕಂಪನಿಯ ಆಫೀಸಿನಲ್ಲಿ ಕೆಲಸ. ಶುರುವಿನಲ್ಲಿ ದಿನಾ ಫಂಡಿನ ಎನ್ಎವಿ, ಅಂದರೆ ಒಂದು ಯೂನಿಟ್ಟಿನ ಬೆಲೆ, ತಾಳೆ ನೋಡುವುದು, ಬ್ಯಾಂಕ್ ಲೆಕ್ಕ ಹೊಂದಿಸುವುದು. ನಿಜ ಹೇಳಬೇಕೆಂದರೆ ಆ ಕೆಲಸದ ಬಗ್ಗೆ ಅವರು ಹೇಳಿದ್ದು ಸರಿಯಾಗೇ ಇತ್ತು. ನಿಯಮ ಏನೆಂದರೆ, ಹೂಡಿಕೆಯ ತೀರ್ಮಾನದಲ್ಲಿ ನೇರವಾಗಿ ಪಾಲಿರಬೇಕು, ಇಲ್ಲವೇ ಆ ತೀರ್ಮಾನಕ್ಕೆ ಉಪಯೋಗವಾಗುವ ಏನನ್ನಾದರೂ ನೀವು ತಯಾರಿಸುತ್ತಿರಬೇಕು. ತೀರ್ಮಾನ ಆಗಿ ಮುಗಿದ ಮೇಲೆ ಲೆಕ್ಕ ಬರೆಯುವುದು ಇದರಲ್ಲಿ ಬರುವುದಿಲ್ಲ. ಆದರೆ "ಇಲ್ಲವೇ" ಅಂದ ಮೇಲೆ ಇರುವ ಅರ್ಧ ವಾಕ್ಯವನ್ನು ಯಾರೂ ಸರಿಯಾಗಿ ಓದುವುದಿಲ್ಲ. ನಾನು ಹಿಡಿದದ್ದು ಅದನ್ನೇ.

ಲೆವೆಲ್ ಒಂದು ಮುಗಿದ ಕೂಡಲೇ ಅದೇ ಆಫೀಸಿನಲ್ಲಿ ಕಂಪನಿಗಳ ಬಗ್ಗೆ ಟಿಪ್ಪಣಿ ಬರೆಯುವ ರಿಸರ್ಚ್ ಸಪೋರ್ಟ್ ಟೀಮಿಗೆ ಬದಲಿ ಕೇಳಿದೆ. ಸಂಬಳ ಒಂದು ರೂಪಾಯಿ ಜಾಸ್ತಿ ಆಗಲಿಲ್ಲ. "ಹುಚ್ಚಾ ನಿನಗೆ?" ಅಂದರು ಜೊತೆಯವರು. ಇನ್ನೊಂದು ಕಡೆ ಸುಮಾರು ಮೂವತ್ತು ಪರ್ಸೆಂಟ್ ಹೈಕಿನ ಆಫರ್ ಇತ್ತು, ಅದೂ ಲೆಕ್ಕ ಹೊಂದಿಸುವ ರಿಕನ್ಸಿಲಿಯೇಶನ್ ಕೆಲಸವೇ. ಬಿಟ್ಟೆ.

ಲೆಕ್ಕ ನೋಡಿ. ಅನುಭವಕ್ಕೆ ಬೇಕಾದದ್ದು 4,000 ಗಂಟೆ, ಅದೂ ಕನಿಷ್ಠ 36 ತಿಂಗಳಲ್ಲಿ ಹರಡಿರಬೇಕು. ವಾರಕ್ಕೆ ನಲವತ್ತು ಗಂಟೆ ಪೂರ್ತಿ ಲೆಕ್ಕಕ್ಕೆ ಬಂದರೆ ನೂರು ವಾರದಲ್ಲಿ ಗಂಟೆ ಮುಗಿಯುತ್ತದೆ, ಆದರೂ ಮೂರು ವರ್ಷ ಕಾಯಲೇಬೇಕು. ನನ್ನ ಹೊಸ ಟೀಮಿನಲ್ಲೂ ಪಿಪಿಟಿ ಸರಿಮಾಡುವುದು, ಡೇಟಾ ಎಳೆಯುವುದು ಅಂತ ಬೇಡದ ಕೆಲಸ ಇದ್ದೇ ಇತ್ತು. ಅದನ್ನೆಲ್ಲ ತೆಗೆದರೆ ವಾರಕ್ಕೆ ಇಪ್ಪತ್ತೈದು ಗಂಟೆ ಉಳಿಯುತ್ತಿತ್ತು. ರಜೆ ಕಳೆದು ವರ್ಷಕ್ಕೆ ಸಾವಿರದ ಇನ್ನೂರು ಚಿಲ್ಲರೆ. ಅಂದರೆ ಮೂರೂಕಾಲು ವರ್ಷ. ಪರೀಕ್ಷೆಯ ಮೊದಲು, ಮಧ್ಯ, ಆಮೇಲೆ, ಯಾವಾಗ ಮಾಡಿದ ಕೆಲಸವಾದರೂ ನಡೆಯುತ್ತದೆ. ಹಾಗಾಗಿ ಈ ಗಡಿಯಾರವನ್ನು ಪರೀಕ್ಷೆಯ ಜೊತೆಜೊತೆಗೇ ಓಡಿಸಿದೆ. ನನಗಿಂತ ಬೇಗ, ಎರಡು ವರ್ಷದೊಳಗೆ ಮೂರೂ ಲೆವೆಲ್ ಮುಗಿಸಿದ ಗೆಳೆಯನೊಬ್ಬ ಇದ್ದಾನೆ. ಜಾಣ. ಆದರೆ ಅವನು ಆಡಿಟ್‌ನಲ್ಲಿದ್ದ. ಅವನಿಗಿಂತ ಮೊದಲು ಚಾರ್ಟರ್ ಬಂದದ್ದು ನನಗೆ!

ಪ್ರತಿ ತಿಂಗಳ ಕೊನೆಗೆ ಒಂದು ಎಕ್ಸೆಲ್ ಶೀಟಿನಲ್ಲಿ ಮೂರು ವಿಷಯ ಬರೆದಿಡುತ್ತಿದ್ದೆ: ಏನು ತಯಾರಿಸಿದೆ, ಅದು ಯಾರ ಕೈಗೆ ಹೋಯಿತು, ಅವರು ಅದರಿಂದ ಏನು ತೀರ್ಮಾನಿಸಿದರು. ಕಂಪನಿಗಳ ಹೆಸರು, ಗುಟ್ಟಿನ ಸಂಖ್ಯೆ ಅದರಲ್ಲಿ ಇರಲಿಲ್ಲ. ಪರೀಕ್ಷೆಗೆ ಎಥಿಕ್ಸ್ ಓದಿದವರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ ಅಲ್ವಾ?

ಇದರ ಬೆಲೆ ಅರ್ಜಿ ಹಾಕುವಾಗ ಗೊತ್ತಾಯಿತು. ಸಾಮಾನ್ಯವಾಗಿ ಜನ ಬರೆಯುವುದು ಹೀಗೆ: "ಫೈನಾನ್ಶಿಯಲ್ ಮಾಡೆಲ್ ಅಪ್‌ಡೇಟ್ ಮಾಡುವುದು, ರಿಪೋರ್ಟ್ ತಯಾರಿಸುವುದು." ಇದನ್ನು ಓದಿದವರಿಗೆ ಡೇಟಾ ಎಂಟ್ರಿ ಅಂತಲೇ ಅನಿಸುತ್ತದೆ. ನಾನು ಬರೆದದ್ದು ಹೆಚ್ಚುಕಡಿಮೆ ಹೀಗೆ: "ಯುರೋಪಿನ ಹತ್ತು ಹನ್ನೆರಡು ಸಿಮೆಂಟ್ ಕಂಪನಿಗಳ ತ್ರೈಮಾಸಿಕ ಫಲಿತಾಂಶ ನೋಡಿ ಮುಂದಿನ ಎರಡು ವರ್ಷದ ಲಾಭದ ಅಂದಾಜು ಬದಲಿಸುತ್ತೇನೆ. ಬೆಲೆ ದುಬಾರಿಯೋ ಅಗ್ಗವೋ ಎಂದು ಟಿಪ್ಪಣಿ ಬರೆಯುತ್ತೇನೆ. ಲಂಡನ್ನಿನ ಪೋರ್ಟ್‌ಫೋಲಿಯೋ ಮ್ಯಾನೇಜರ್ ಫಂಡಿನಲ್ಲಿ ಷೇರಿನ ತೂಕ ಏರಿಸುವ, ಇಳಿಸುವ ಮುನ್ನ ಈ ಟಿಪ್ಪಣಿ ನೋಡುತ್ತಾರೆ." ಕೆಲಸ ಎರಡೂ ಒಂದೇ. ಎರಡನೆಯದರಲ್ಲಿ ತೀರ್ಮಾನದವರೆಗಿನ ದಾರಿ ಕಾಣುತ್ತದೆ. ಇಲ್ಲದ ಕೆಲಸ ಮಾತ್ರ ಬರೆಯಬೇಡಿ. ನಿಮ್ಮ ಮ್ಯಾನೇಜರ್ ಅದನ್ನು ಹೌದು ಅನ್ನಬೇಕಲ್ಲ. ಹಳೆಯ ಎನ್ಎವಿ ಕೆಲಸದ ಒಂದು ಗಂಟೆಯನ್ನೂ ನಾನು ಸೇರಿಸಲಿಲ್ಲ. ಮನೆಯಲ್ಲಿ ಸ್ವಂತ ದುಡ್ಡಿನಲ್ಲಿ ಷೇರು ಕೊಂಡು ಮಾರಿದ್ದೂ ಲೆಕ್ಕಕ್ಕೆ ಬರುವುದಿಲ್ಲ, ಸುಮ್ನೆ ಹಾಕಬೇಡಿ. ಪ್ರತಿ ಕೆಲಸದ ಕೊನೆಯಲ್ಲಿ ನಾನು ಸೇರಿಸುತ್ತಿದ್ದ ಒಂದು ಸಾಲು ಇದೆ. ಅದನ್ನು ಇಲ್ಲಿ ಹೇಳಲ್ಲ, ಕಾಫಿ ಕೊಡಿಸಿದವರಿಗೆ ಹೇಳುತ್ತೇನೆ.

ಇನ್ನು ಪರೀಕ್ಷೆ. ಲೆವೆಲ್ ಎರಡರಲ್ಲಿ ಡುಮ್ಕಿ ಹೊಡೆದೆ. ಓದಿ ಉತ್ತರಿಸುವ 22 ಕೇಸು, ಒಂದೊಂದಕ್ಕೆ ನಾಲ್ಕು ಪ್ರಶ್ನೆ, ಕೇಸಿಗೆ ಹನ್ನೆರಡು ನಿಮಿಷ. ನನಗೆ ಕೇಸು ಓದುವುದಕ್ಕೇ ಆರೇಳು ನಿಮಿಷ ಹೋಗುತ್ತಿತ್ತು. ಒಂದು ಕಂಪನಿ ಇನ್ನೊಂದರಲ್ಲಿ ಪಾಲು ಹೊಂದಿದಾಗಿನ ಲೆಕ್ಕ, ಪೆನ್ಶನ್ ಲೆಕ್ಕ ಇವೆರಡರಲ್ಲಿ ಪೂರ್ತಿ ಮುಳುಗಿದೆ. ಎರಡನೇ ಸಲ ಪುಸ್ತಕ ಮುಟ್ಟುವ ಮೊದಲೇ ಪ್ರಶ್ನೆ ಬಿಡಿಸಿದೆ. ತಪ್ಪಾದದ್ದನ್ನು ಮಾತ್ರ ಓದಿದೆ. ಪರೀಕ್ಷೆಯಲ್ಲೂ ಹಾಗೇ, ಮೊದಲು ನಾಲ್ಕು ಪ್ರಶ್ನೆ ನೋಡಿ ಆಮೇಲೆ ಕೇಸು. ಕೋಚಿಂಗಿಗೆ ಹೋಗುತ್ತಿದ್ದ ಸಹೋದ್ಯೋಗಿಗಳು ನಕ್ಕರು. ಪರೀಕ್ಷೆ ನಡೆಸುವ ಸಿಎಫ್ಎ ಇನ್‌ಸ್ಟಿಟ್ಯೂಟ್ ಹೇಳುವ ಲೆವೆಲ್ಲಿಗೆ ಮುನ್ನೂರು ಗಂಟೆ ನನಗೆ ಎರಡರಲ್ಲಿ ಸಾಲಲಿಲ್ಲ, ಮೂರರಲ್ಲಿ ಉಳಿಯಿತು.

ಮಧ್ಯೆ ಒಂದು ಪ್ರಯೋಗ. ಎಥಿಕ್ಸ್ ಪ್ರಶ್ನೆಗಳನ್ನು ನನ್ನ ದನಿಯಲ್ಲೇ, ಕನ್ನಡದಲ್ಲಿ ಕಥೆ ಹೇಳಿದ ಹಾಗೆ ರೆಕಾರ್ಡ್ ಮಾಡಿ ಮೆಟ್ರೋದಲ್ಲಿ ಕೇಳಿದೆ. ಕೇಳಲು ಮಜಾ ಇತ್ತು, ಅಂಕ ಏನೂ ಏರಲಿಲ್ಲ. ಎಥಿಕ್ಸ್ ನಿಂತಿರುವುದೇ ಇಂಗ್ಲಿಷಿನ ಒಂದೊಂದು ಪದದ ಮೇಲೆ. ಅದಕ್ಕಿಂತ ಲೆವೆಲ್ ಮೂರಕ್ಕೆ ಉತ್ತರ ಟೈಪ್ ಮಾಡುವ ಅಭ್ಯಾಸ ಕೆಲಸಕ್ಕೆ ಬಂತು. ಎರಡು ಕಾರಣ ಕೇಳಿದರೆ ಎರಡೇ ಬರೆಯಬೇಕು. ಮೂರನೆಯದನ್ನು ಅವರು ನೋಡುವುದಿಲ್ಲ, ನಿಮ್ಮ ನಿಮಿಷ ಹೋಗುತ್ತದೆ ಅಷ್ಟೇ.

ದುಡ್ಡು? ಶುರುವಿನ ಸೇರ್ಪಡೆ ಫೀ ಆಗ 350 ಡಾಲರ್. ಬೇಗ ಕಟ್ಟಿದರೆ ಒಂದು ಪರೀಕ್ಷೆಗೆ ಆಗ ಒಂಬೈನೂರು ಡಾಲರ್ ಮೇಲೆ ಇತ್ತು, ತಡ ಮಾಡಿದರೆ ಸಾವಿರದ ಇನ್ನೂರು ದಾಟುತ್ತಿತ್ತು. ಫೇಲಾದದ್ದು ಸೇರಿ ನಾಲ್ಕು ಸಲ ಕಟ್ಟಿದೆ. ಕ್ರೆಡಿಟ್ ಕಾರ್ಡಿನವರು ವಿದೇಶಿ ಪಾವತಿಗೆ ಮೂರೂವರೆ ಪರ್ಸೆಂಟ್ ಹಿಡಿದು, ಅದರ ಮೇಲೆ ಜಿಎಸ್‌ಟಿ ಬೇರೆ. ಆಫೀಸಿನವರು ಪಾಸಾದರೆ ಮಾತ್ರ ಕೊಡುತ್ತೇವೆ ಅಂದರು, ಫೇಲಾದ ಎಂಬತ್ತು ಸಾವಿರ ನನ್ನದೇ. ಪ್ರಶ್ನೆ ಬ್ಯಾಂಕ್ ಎಲ್ಲ ಸೇರಿ ನಾಲ್ಕು ಲಕ್ಷದ ಹತ್ತಿರ ಆಗಿರಬೇಕು.

ಮುಗಿಸಲು ಬಹಳಷ್ಟು ಜನಕ್ಕೆ ನಾಲ್ಕು ವರ್ಷ, ಅದಕ್ಕೂ ಜಾಸ್ತಿ ಹಿಡಿಯುತ್ತದೆ. ನನಗೂ ನಾಲ್ಕೂವರೆ ವರ್ಷದಷ್ಟು ಆಯಿತು. ಆದರೆ ಮೂರನೇ ಲೆವೆಲ್ ಫಲಿತಾಂಶ ಬಂದ ವಾರವೇ ಅರ್ಜಿ ಹಾಕಿದೆ, ಏಕೆಂದರೆ ಗಂಟೆ ಆಗಲೇ ತುಂಬಿತ್ತು. ಎರಡು ಮೂರು ಜನ ರೆಫರೆನ್ಸ್ ಕೊಡಬೇಕು. ನನ್ನ ಹಳೆಯ ಮ್ಯಾನೇಜರನ್ನೂ ಒಬ್ಬರಾಗಿ ಹಾಕಿದ್ದೆ. ಅವರಿಗೆ ಹೋದ ಇಮೇಲ್ ಸ್ಪ್ಯಾಮ್ ಫೋಲ್ಡರಿನಲ್ಲಿ ಕೂತಿತ್ತು. ಮೂರು ವಾರ ಅರ್ಜಿ ಅಲ್ಲಾಡಲಿಲ್ಲ. "ಸಾರ್, ಸ್ವಲ್ಪ ಸ್ಪ್ಯಾಮ್ ನೋಡ್ತೀರಾ" ಅಂತ ಕೇಳಿದ ಸಂಜೆಯೇ ಕಳಿಸಿದರು. ನೀವು ಅರ್ಜಿ ಒತ್ತುವ ಮುನ್ನವೇ ಫೋನ್ ಮಾಡಿ ಹೇಳಿಡಿ. ವಾರ್ಷಿಕ ಸದಸ್ಯತ್ವದ ಮುನ್ನೂರು ಡಾಲರ್ ಹತ್ತಿರದ ದುಡ್ಡನ್ನೂ ತೆಗೆದಿಟ್ಟುಕೊಳ್ಳಿ. ಅದನ್ನು ಕಟ್ಟದೆ ಹೆಸರಿನ ಮುಂದೆ ಆ ಮೂರು ಅಕ್ಷರ ಹಾಕುವಂತಿಲ್ಲ.