ಮಡಿಕೇರಿಯ ಎತ್ತರದ ಮೇಲೆ ಹೊರಿಸಿದ ತಪ್ಪು

ಜುಲೈ ತಿಂಗಳ ಮಳೆಯಲ್ಲಿ ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷ g ಅಳೆಯುವ ಪ್ರಯೋಗ ಮಾಡಿಸುವುದೆಂದರೆ ಮೊದಲು ಕಿಟಕಿಗಳನ್ನೆಲ್ಲ ಮುಚ್ಚಿಸಬೇಕು. ಇಲ್ಲದಿದ್ದರೆ ಗಾಳಿಗೆ ಗುಂಡು ನೇರವಾಗಿ ಆಡುವ ಬದಲು ಸುತ್ತತೊಡಗುತ್ತದೆ. ಆ ದಿನ ಕರೆಂಟೂ ಇರಲಿಲ್ಲ. ಪದವಿ ತರಗತಿಯ ವಿದ್ಯಾರ್ಥಿನಿಯೊಬ್ಬಳು ಗ್ರಾಫ್ ಹಾಳೆ ತಂದು, "ಸರ್, g 9.56 ಬಂದಿದೆ. ಮಡಿಕೇರಿ ಎತ್ತರದಲ್ಲಿದೆಯಲ್ಲ, ಅದಕ್ಕೇ ಕಡಿಮೆ" ಎಂದಳು.

ಉತ್ತರ ಚೆನ್ನಾಗಿತ್ತು, ಆದರೆ ಲೆಕ್ಕಕ್ಕೆ ನಿಲ್ಲುವುದಿಲ್ಲ. ಮೇಲೇರಿದ ಪ್ರತಿ ಸಾವಿರ ಮೀಟರಿಗೆ g ಸುಮಾರು 0.003 ಮೀ/ಸೆ² ಇಳಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ನಮ್ಮೂರಿನಲ್ಲಿ ಇಳಿಯುವುದು 0.0035 ಮಾತ್ರ. ಇಲ್ಲಿ 9.78ರ ಹತ್ತಿರ ಬರಬೇಕು. 9.56 ಬರಬೇಕಾದರೆ ಪ್ರಯೋಗಶಾಲೆಯನ್ನು ಎಪ್ಪತ್ತು ಕಿಲೋಮೀಟರ್ ಮೇಲಕ್ಕೆ ಎತ್ತಬೇಕಾಗುತ್ತದೆ.

ಅವಳ ಅಳತೆಗಳು ಇವು:

| ದಾರದ ಉದ್ದ (ಮೀ) | 20 ಆಂದೋಲನಕ್ಕೆ (ಸೆ) | T² (ಸೆ²) |
|---|---|---|
| 0.40 | 25.9 | 1.677 |
| 0.50 | 28.8 | 2.074 |
| 0.60 | 31.6 | 2.496 |
| 0.70 | 33.9 | 2.873 |
| 0.80 | 36.3 | 3.294 |
| 0.90 | 38.5 | 3.706 |

ಸೂತ್ರ T² = (4π²/g)L; ಇಲ್ಲಿ T ಒಂದು ಆಂದೋಲನದ ಕಾಲ, L ಲೋಲಕದ ಉದ್ದ. ಉದ್ದಕ್ಕೆ ಎದುರಾಗಿ T² ಗುರುತಿಸಿದರೆ ಸರಳರೇಖೆ ಬರಬೇಕು. ಅದರ ಇಳಿಜಾರಿನಿಂದ 4π²ನ್ನು ಭಾಗಿಸಿದರೆ g. ಉದ್ದ ಸೊನ್ನೆಯಾದರೆ ಕಾಲವೂ ಸೊನ್ನೆ, ಆದ್ದರಿಂದ ರೇಖೆ ಮೂಲಬಿಂದುವಿನ ಮೂಲಕ ಹೋಗಲೇಬೇಕು ಎಂದುಕೊಂಡು ಅವಳು ಸ್ಕೇಲಿನ ಒಂದು ತುದಿಯನ್ನು (0, 0)ಗೆ ಒತ್ತಿ ಹಿಡಿದು ಗೆರೆ ಎಳೆದಿದ್ದಳು. ಅವಳನ್ನು ದೂರುವಂತಿಲ್ಲ. ಎಷ್ಟೋ ವರ್ಷ ನಾನೂ ಹಾಗೆಯೇ ಹೇಳಿಕೊಟ್ಟಿದ್ದೆ.

ಹಾಳೆಯನ್ನು ನೋಡಿದರೆ ಕಣ್ಣಿಗೆ ಯಾವ ತಪ್ಪೂ ಕಾಣುತ್ತಿರಲಿಲ್ಲ. ಹಾಗಾಗಿ ಪ್ರತಿ ಬಿಂದುವೂ ಗೆರೆಯಿಂದ ಎಷ್ಟು ಮೇಲೆ, ಎಷ್ಟು ಕೆಳಗೆ ಇದೆ ಎಂದು ಬರೆಯಲು ಹೇಳಿದೆ. ಅಳೆದ T²ದಿಂದ ಗೆರೆಯ ಮೇಲಿನ T² ಕಳೆದರೆ ಸಿಗುವ ಈ ಉಳಿಕೆಗಳು ಕ್ರಮವಾಗಿ +0.026, +0.010, +0.020, −0.017, −0.008, −0.010 ಬಂದವು. ಮೊದಲ ಮೂರೂ ಮೇಲೆ, ಕೊನೆಯ ಮೂರೂ ಕೆಳಗೆ. ಸ್ಟಾಪ್‌ವಾಚ್ ಒತ್ತುವಾಗಿನ ತಪ್ಪಾದರೆ ಮೇಲೆ ಕೆಳಗೆ ಬೆರೆತಿರುತ್ತಿತ್ತು. ಹೀಗೆ ಗುಂಪುಗೂಡಿ ನಿಂತಿವೆ ಎಂದರೆ ಗೆರೆಯೇ ಓರೆಯಾಗಿದೆ ಎಂದು ಅನುಮಾನ ಪಡಬೇಕು.

ಸ್ಕೇಲನ್ನು ಮೂಲಬಿಂದುವಿನಿಂದ ಬಿಡಿಸಿ, ಕನಿಷ್ಠ ವರ್ಗಗಳ ವಿಧಾನದಲ್ಲಿ ಕ್ಯಾಲ್ಕುಲೇಟರ್ ಹಿಡಿದು ಲೆಕ್ಕ ಹಾಕಿದೆವು. ಉದ್ದಗಳ ಸರಾಸರಿ 0.65, T²ಗಳ ಸರಾಸರಿ 2.687. ಪ್ರತಿ ಉದ್ದದಿಂದ ಅದರ ಸರಾಸರಿಯನ್ನು ಕಳೆದು, ಆ ವ್ಯತ್ಯಾಸವನ್ನು ಅದೇ ಸಾಲಿನ T²ದಿಂದ ಗುಣಿಸಿ ಕೂಡಿದರೆ 0.7091. ಆ ವ್ಯತ್ಯಾಸಗಳ ವರ್ಗಗಳನ್ನು ಕೂಡಿದರೆ 0.175. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ ಇಳಿಜಾರು 4.052. ರೇಖೆ ಸರಾಸರಿ ಬಿಂದುವಿನ ಮೂಲಕ ಹಾಯುವುದರಿಂದ ಇಂಟರ್ಸೆಪ್ಟ್, ಅಂದರೆ ರೇಖೆ T² ಅಕ್ಷವನ್ನು ಕತ್ತರಿಸುವ ಎತ್ತರ, 2.687 − 4.052 × 0.65 = 0.053. ಈಗ g 9.74.

ಹೊಸ ಉಳಿಕೆಗಳು +0.003, −0.005, +0.012, −0.016, 0.000, +0.006. ಚಿಹ್ನೆಗಳು ಬೆರೆತವು. ಗಾತ್ರವೂ ಸರಿಯಾಗಿದೆ: 20 ಆಂದೋಲನಗಳ ಒಟ್ಟು ಸಮಯದಲ್ಲಿ 0.1 ಸೆಕೆಂಡ್ ಹೆಚ್ಚುಕಡಿಮೆಯಾದರೆ T²ದಲ್ಲಿ ಸುಮಾರು 0.016 ಆಚೀಚೆ ಆಗುತ್ತದೆ. ಉಳಿಕೆಗಳು ಇದಕ್ಕಿಂತ ಬಹಳ ದೊಡ್ಡದಿದ್ದರೆ ಬೇರೇನೋ ತಪ್ಪಿದೆ. ಬಹಳ ಚಿಕ್ಕದಿದ್ದರೆ ಅಂಕಿಗಳನ್ನು ಯಾರೋ ಪಕ್ಕದ ಬೆಂಚಿನಿಂದ ತಂದಿದ್ದಾರೆ ಎಂದು ನಾನು ಒಂದು ಕಣ್ಣಿಟ್ಟಿರುತ್ತೇನೆ.

ಹಾಗಾದರೆ ಆ 0.053 ಎಲ್ಲಿಂದ ಬಂತು? ಅವಳು ಅಳೆದದ್ದು ಹಿಡಿಕೆಯಿಂದ ಗಂಟಿನವರೆಗಿನ ದಾರವನ್ನು ಮಾತ್ರ. ಸೂತ್ರದ L ಇರುವುದು ಗುಂಡಿನ ಕೇಂದ್ರದವರೆಗೆ. ದಾರದ ಉದ್ದ l, ಬಿಟ್ಟುಹೋದ ತುಂಡು d ಆದರೆ T² = (4π²/g)(l + d); ಇಳಿಜಾರು ಬದಲಾಗುವುದಿಲ್ಲ, ಇಂಟರ್ಸೆಪ್ಟ್ ಮಾತ್ರ ಏಳುತ್ತದೆ. d = 0.053 ÷ 4.052, ಅಂದರೆ 1.3 ಸೆಂಟಿಮೀಟರ್. ವರ್ನಿಯರ್ ಹಿಡಿದು ನೋಡಿದಾಗ ಗುಂಡಿನ ತ್ರಿಜ್ಯ 1.0, ಕೊಕ್ಕೆ 0.5, ಒಟ್ಟು 1.5 ಸೆಂಟಿಮೀಟರ್. ಅವಳು ಗುಂಡನ್ನು ಅಂಗೈಯಲ್ಲಿ ತಿರುಗಿಸುತ್ತಾ ಸ್ವಲ್ಪ ಹೊತ್ತು ಸುಮ್ಮನೆ ನಿಂತಳು.

1.3ಕ್ಕೂ 1.5ಕ್ಕೂ ಇರುವ ಅಂತರ ಸಹಿಸಬಹುದಾದದ್ದೇ? ಅದಕ್ಕೆ ಅನಿಶ್ಚಿತತೆ ಬೇಕು. ಕರೆಂಟ್ ಬಂದ ಮೇಲೆ ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ ಉದ್ದವನ್ನು A, T²ವನ್ನು C ಕಾಲಮ್ಮಿಗೆ ಹಾಕಿ ಹೀಗೆ ಕೊಟ್ಟೆವು:

```
=LINEST(C2:C7,A2:A7,TRUE,TRUE)
```

ಎರಡನೆಯ ಸಾಲಿನಲ್ಲಿ ಅನಿಶ್ಚಿತತೆಗಳು ಬಂದವು: ಇಳಿಜಾರಿಗೆ 0.026, ಇಂಟರ್ಸೆಪ್ಟಿಗೆ 0.018. 0.053 ಅದರ ಮೂರು ಪಟ್ಟು, ಹಾಗಾಗಿ ಅದನ್ನು ಸೊನ್ನೆ ಎಂದು ತಳ್ಳಿಹಾಕಲಾಗದು. d 1.3 ± 0.4 ಆಗುತ್ತದೆ, 1.5 ಅದರೊಳಗೇ ಇದೆ.

ಮೂರನೆಯ ಸಾಲಿನಲ್ಲಿ, ಒಂದಕ್ಕೆ ಹತ್ತಿರವಾದಷ್ಟೂ ಗೆರೆಯ ಹೊಂದಿಕೆ ಹೆಚ್ಚು ಎನ್ನುವ R² 0.9998 ಎಂದಿತ್ತು. ಅವಳ ಮೊದಲ, ತಪ್ಪು ಗೆರೆಗೂ ಅದೇ ಬಗೆಯಲ್ಲಿ ಕೈಯಿಂದ ಲೆಕ್ಕ ಹಾಕಿದರೆ 0.9994 ಬರುತ್ತದೆ. ದಾಖಲೆ ಪುಸ್ತಕದಲ್ಲಿ R² ಒಂದನ್ನೇ ಬರೆದು 'ಹೊಂದಿಕೆ ಉತ್ತಮ' ಎಂದು ಮುಗಿಸುವವರ ಪುಟಕ್ಕೆ ನಾನು ಸಹಿ ಹಾಕದಿರುವುದು ಇದಕ್ಕೇ.

ಅವಳು ಹಳೆಯದನ್ನು ಹೊಡೆದುಹಾಕಿ g = 9.74 ± 0.06 ಎಂದು ಬರೆದಳು. "ಹಾಗಾದರೆ ಸರ್, ಲೋಲಕವನ್ನು ಮಂಗಳೂರಿಗೆ ಒಯ್ದು ಅಳೆದರೆ ಎತ್ತರದ ವ್ಯತ್ಯಾಸ ಕಾಣುತ್ತದೆಯೇ?" ಎಂದು ಕೇಳಿದಳು. ಆ ± 0.06ನ್ನು 0.0035ರಿಂದ ಭಾಗಿಸಲು ಹೇಳಿದೆ. ಹದಿನೇಳು ಬಂತು.